ನಾಳೆಯ ಅಲಾರಂಗೆ ಇವತ್ತಿನ ಲೆಕ್ಕ

ವೀಣೆ ಕಲಿಯುವ ದೊಡ್ಡವರ ಮನೆಗಳಲ್ಲಿ ಒಂದು ಅಲಾರಂ ಇದ್ದೇ ಇರುತ್ತದೆ. ಬೆಳಿಗ್ಗೆ ಆರೂಕಾಲಿಗೋ ಸಂಜೆ ಏಳಕ್ಕೋ ಹೊಡೆಯುತ್ತದೆ, ಪರದೆಯ ಮೇಲೆ 'ಅಭ್ಯಾಸ' ಎಂದು ತೋರಿಸುತ್ತದೆ. ಮೊದಲ ವಾರ ಅದು ಹೊಡೆದ ಕೂಡಲೇ ಎದ್ದು ಹೋಗಿ ವೀಣೆಯ ಮೇಲಿನ ಬಟ್ಟೆ ತೆಗೆಯುತ್ತೇವೆ. ಮೂರನೇ ವಾರದ ಹೊತ್ತಿಗೆ ಕಣ್ಣು ಅತ್ತ ಹೋಗುವ ಮೊದಲೇ ಬೆರಳು ಅದರ ಬಾಯಿ ಮುಚ್ಚಿಸಿರುತ್ತದೆ. ನನ್ನ ಅಲಾರಂ ಹಾಗೆ ಸುಮಾರು ಎಂಟು ತಿಂಗಳು ದಂಡಕ್ಕೆ ಹೊಡೆದುಕೊಂಡಿತು.

ಶಾಲೆಯ ದಿನಗಳಲ್ಲಿ ಜೂನಿಯರ್ ಪರೀಕ್ಷೆಯವರೆಗೆ ಕಲಿತು ಬಿಟ್ಟಿದ್ದ ವೀಣೆಯನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ಹಿಡಿದಾಗ, ಶಿಸ್ತಿಗೆಂದು ಒಂದು ನೋಟ್‌ಬುಕ್ ಇಟ್ಟೆ. ತಾರೀಖು, ನುಡಿಸಿದ ನಿಮಿಷ, ಎರಡೇ ಕಾಲಂ. ಮೂರು ತಿಂಗಳಲ್ಲಿ ಪುಟಗಳೇನೋ ತುಂಬಿದವು. ಮೇಷ್ಟ್ರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ನಾಲ್ಕು ಪುಟ ತಿರುವಿ, "ನಿಮಿಷ ಇರಲಿ, ಯಾವ ಸ್ವರ ಜಾರ್ತಾ ಇತ್ತು ಅನ್ನೋದನ್ನ ಎಲ್ಲಿ ಬರೆದಿದೀರಿ?" ಅಂದರು. ಎಲ್ಲೂ ಬರೆದಿರಲಿಲ್ಲ. ಆ ಮೂರು ತಿಂಗಳೂ ನಾನು ಬರುವುದನ್ನೇ ನುಡಿಸಿದ್ದೆ. ಬಾರದೆಡೆಗೆ ಹೋದ ದಿನ ನಿಮಿಷ ಕಡಿಮೆಯಾಗುತ್ತಿತ್ತು, ಲೆಕ್ಕ ಕೆಡುತ್ತಿತ್ತು. ಆದ್ದರಿಂದ ಅತ್ತ ಹೋಗುವುದನ್ನೇ ಬಿಟ್ಟಿದ್ದೆ.

ಅಲಾರಂ ಒಂದು ಕಡೆ, ಲೆಕ್ಕದ ಪುಸ್ತಕ ಇನ್ನೊಂದು ಕಡೆ ಇದ್ದರೆ ಎರಡೂ ಹೀಗೆ ಸಾಯುತ್ತವೆ. ಇವತ್ತು ಪುಸ್ತಕದಲ್ಲಿ ಬರೆಯುವ ಕೊನೆಯ ಸಾಲೇ ನಾಳೆಯ ಅಲಾರಂ ಮೇಲೆ ಕಾಣುವ ಮಾತಾಗಬೇಕು. ಅಲಾರಂ 'ಅಭ್ಯಾಸ' ಅಂದರೆ ಮನಸ್ಸು ಆಮೇಲೆ ನೋಡೋಣ ಅನ್ನುತ್ತದೆ. ಅದೇ 'ದದ ನಿನಿ ಮಾತ್ರ, 44, ಹತ್ತು ನಿಮಿಷ' ಅಂದರೆ ಕೆಲಸ ಎಷ್ಟು ಸಣ್ಣದು ಎಂಬುದೂ ಅದರೊಂದಿಗೇ ತಿಳಿಯುತ್ತದೆ. ಫೋನಿನ ಗಡಿಯಾರದಲ್ಲಿ ಪ್ರತಿ ಅಲಾರಂಗೂ ಹೆಸರು ಬರೆಯಲು ಜಾಗವಿರುತ್ತದೆ, ಕನ್ನಡದಲ್ಲೂ ಬರೆಯಬಹುದು. ರಾತ್ರಿ ಒಂದು ನಿಮಿಷದ ಕೆಲಸ.

ಹೊತ್ತನ್ನು ಗಡಿಯಾರ ನೋಡಿ ಇಡುವುದಕ್ಕಿಂತ ಮನೆಯ ಯಾವುದಾದರೂ ತಪ್ಪದ ಕೆಲಸದ ಬೆನ್ನಿಗೆ ಕಟ್ಟುವುದು ಲೇಸು. ನಮ್ಮ ಮನೆಯಲ್ಲಿ ಹಾಲಿನ ಪ್ಯಾಕೆಟ್ ಬಂದು, ಕಾಫಿಯಾಗಿ, ಕುಕ್ಕರ್ ಏರಿಸುವ ತನಕ ಮುಕ್ಕಾಲು ಗಂಟೆ ಯಾರೂ ಯಾರನ್ನೂ ಕರೆಯುವುದಿಲ್ಲ. ಅಲಾರಂ ಅಲ್ಲಿದೆ. ವೀಣೆಯಂತೂ ಪೆಟ್ಟಿಗೆಯಲ್ಲಿರಬಾರದು. ಪೆಟ್ಟಿಗೆಯಿಂದ ತೆಗೆದು, ಚಾಪೆ ಹಾಸಿ, ಕೂರುವಷ್ಟರಲ್ಲಿ ಹತ್ತು ನಿಮಿಷ ಹೋಗಿ, ಇನ್ನೇನು ಬಿಡು ಅನ್ನಿಸುತ್ತದೆ. ಬಿಸಿಲು ಬೀಳದ ಮೂಲೆಯಲ್ಲಿ ಹಾಸಿದ ಚಾಪೆಯ ಮೇಲೆ ಬಟ್ಟೆ ಹೊದಿಸಿ ಇಟ್ಟರೆ ಸಾಕು. ಬಿಸಿಲಿನ ಮಾತು ಸುಮ್ಮನೆ ಹೇಳಿದ್ದಲ್ಲ. ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ, ಕಾವಿಗೆ ಮೇಣ ಮೆದುವಾದರೆ ಅವು ಕದಲುತ್ತವೆ.

ನಿಮಿಷ ಎಲ್ಲಿಂದ ಎಣಿಸಬೇಕು

ಶ್ರುತಿ ಮಾಡಿಕೊಳ್ಳುವ ಹೊತ್ತನ್ನು ಸೇರಿಸಬೇಡಿ. ಏಳು ತಂತಿ, ಅದರಲ್ಲೂ ಹೊಸ ತಂತಿ ಹಾಕಿದ ವಾರ, ಬಿರಡೆ ತಿರುಗಿಸುವುದರಲ್ಲೇ ಕಾಲು ಗಂಟೆ ಹೋಗಬಹುದು. ಅದು ವ್ಯರ್ಥವೇನಲ್ಲ, ಕಿವಿಗೆ ಅದೂ ಪಾಠವೇ. ಆದರೆ ಅದನ್ನು ಅಭ್ಯಾಸದ ನಿಮಿಷಕ್ಕೆ ಸೇರಿಸಿದರೆ ವಾರದ ಕೊನೆಗೆ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಶ್ರುತಿ ನಿಂತ ಮೇಲೆ ಮೊದಲ ಮೀಟಿನಿಂದ ಲೆಕ್ಕ ಶುರು, ಬಟ್ಟೆ ಹೊದಿಸುವಾಗ ಮುಗಿಯಿತು. ನಡುವೆ ಫೋನ್ ಬಂದು ಎದ್ದರೆ ಆ ಹೊತ್ತನ್ನು ಕಳೆಯಿರಿ. ಐದೈದು ನಿಮಿಷಕ್ಕೆ ಸರಿಹೊಂದಿಸಿ ಬರೆದರೆ ಸಾಕು, 23 ನಿಮಿಷ ಎಂದು ಬರೆಯುವ ಅಗತ್ಯವಿಲ್ಲ.

ದಿನದ ಗುರಿಗಿಂತ ವಾರದ ಮೊತ್ತ ಮೇಲು ಎಂಬುದು ನನ್ನ ಅನುಭವ. ದಿನಕ್ಕೆ ಅರ್ಧ ಗಂಟೆ ಎಂದಿಟ್ಟುಕೊಂಡರೆ ಬುಧವಾರ ತಪ್ಪಿದೊಡನೆ ಆ ವಾರವೇ ಕೈಬಿಟ್ಟಂತಾಗುತ್ತದೆ. ವಾರಕ್ಕೆ 150 ನಿಮಿಷ ಎಂದಿದ್ದರೆ ಬುಧವಾರದ ಸೊನ್ನೆಯನ್ನು ಗುರುವಾರ, ಶನಿವಾರ ಹಂಚಿಕೊಳ್ಳುತ್ತವೆ. ಆದರೆ ಭಾನುವಾರ ಒಂದೇ ದಿನ ನೂರು ನಿಮಿಷ ಕೂತು ತುಂಬಿಸಲು ಹೋಗಬೇಡಿ. ಮತ್ತೆ ಹಿಡಿದವರ ಎಡಗೈ ಬೆರಳ ತುದಿಯಲ್ಲಿ ತಂತಿಯ ಗೀರು ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಒಂದೇ ಕೂತಲ್ಲಿ ನಲವತ್ತು ನಿಮಿಷ ದಾಟಿದರೆ ಬೆರಳು ನೋವಿಗೆ ತಂತಿಯನ್ನು ಸರಿಯಾಗಿ ಒತ್ತುವುದಿಲ್ಲ, ಸ್ವರ 'ಜುರ್' ಎನ್ನುತ್ತದೆ. ಆಮೇಲೆ ನುಡಿಸಿದ್ದೆಲ್ಲ ತಪ್ಪನ್ನು ರೂಢಿ ಮಾಡಿಕೊಂಡಂತೆ. ಗೀರಿನ ನೋವು ಸಹಜ, ಬರಬರುತ್ತ ಹೋಗುತ್ತದೆ. ಮಣಿಕಟ್ಟಿನಲ್ಲೋ ಭುಜದಲ್ಲೋ ನೋವು ಬಂದರೆ ಮಾತ್ರ ಆ ದಿನ ನಿಲ್ಲಿಸಿ, ಅದನ್ನೂ ಪುಸ್ತಕದಲ್ಲಿ ಬರೆದು, ಮುಂದಿನ ಪಾಠದಲ್ಲಿ ಕೂರುವ ರೀತಿಯನ್ನು ತೋರಿಸಿಕೊಳ್ಳಿ.

ವೇಗದ ಅಂಕಿ ಮತ್ತು ಕಾಲ

ವೇಗದ ಕಾಲಂನಲ್ಲಿ ಹೆಚ್ಚಿನವರು ಎಡವುತ್ತಾರೆ. ಮೆಟ್ರೋನೋಮ್‌ನಲ್ಲಿ 60 ಎಂದರೆ ನಿಮಿಷಕ್ಕೆ ಅರವತ್ತು ಪೆಟ್ಟು. ನಮ್ಮ ಪದ್ಧತಿಯಲ್ಲಿ ಆ ಪೆಟ್ಟು ತಾಳದ ಅಕ್ಷರ. ವರಸೆಗಳನ್ನು ಮೊದಲ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು ಸ್ವರದಂತೆ ನುಡಿಸುತ್ತೇವೆ. ಅಕ್ಷರ ಕದಲುವುದಿಲ್ಲ, ಸ್ವರ ಮಾತ್ರ ಇಮ್ಮಡಿಯಾಗುತ್ತ ಹೋಗುತ್ತದೆ. ಹೀಗಾಗಿ ಬರೀ '60' ಎಂದು ಬರೆದರೆ ನಿಮಿಷಕ್ಕೆ 60 ಸ್ವರವೋ 240 ಸ್ವರವೋ ಗೊತ್ತಾಗುವುದಿಲ್ಲ. ಯಾವಾಗಲೂ ಕಾಲ ಮತ್ತು ಅಂಕಿ ಎರಡನ್ನೂ ಬರೆಯಿರಿ: '3ನೇ ಕಾಲ, 46'.

ಹೀಗೆ ಬರೆಯತೊಡಗಿದರೆ ಇನ್ನೊಂದು ಅನುಕೂಲ ಕಾಣುತ್ತದೆ. ಎರಡನೇ ಕಾಲ ಸಲೀಸು, ಮೂರನೇ ಕಾಲ ಅಸಾಧ್ಯ ಎಂದು ಕೈಚೆಲ್ಲುವವರು ಬಹಳ. ಒಮ್ಮೆಲೇ ಇಮ್ಮಡಿ ವೇಗಕ್ಕೆ ಹಾರಿದರೆ ಕೈ ತಬ್ಬಿಬ್ಬಾಗದೆ ಇರುತ್ತದೆಯೇ. ಆದರೆ 46ರಲ್ಲಿ ಮೂರನೇ ಕಾಲವೂ 92ರಲ್ಲಿ ಎರಡನೇ ಕಾಲವೂ ಕೈಗೆ ಒಂದೇ, ಎರಡರಲ್ಲೂ ನಿಮಿಷಕ್ಕೆ 184 ಸ್ವರ. ಎರಡನೇ ಕಾಲವನ್ನೇ 60ರಿಂದ ಸ್ವಲ್ಪ ಸ್ವಲ್ಪವಾಗಿ 92ಕ್ಕೆ ಏರಿಸಿಕೊಂಡು, ಆಮೇಲೆ ಅಕ್ಷರವನ್ನು ಅರ್ಧಕ್ಕೆ ಇಳಿಸಿದರೆ ಕೈ ಆಗಲೇ ಮೂರನೇ ಕಾಲದಲ್ಲಿರುತ್ತದೆ. ಆಗ ಕಷ್ಟವೆಲ್ಲ ಮನಸ್ಸಿಗೆ, ಏಕೆಂದರೆ ನಿಧಾನವಾದ ಅಕ್ಷರವನ್ನು ಅಲ್ಲಾಡದಂತೆ ಒಳಗೆ ಹಿಡಿದುಕೊಳ್ಳಬೇಕು.

ಏರಿಸುವುದಾದರೂ ಎಷ್ಟೆಷ್ಟು? ಫೋನಿನ ಆ್ಯಪ್ ಒಂದೊಂದೇ ಅಂಕಿ ಏರಿಸಲು ಬಿಡುತ್ತದೆ, ಆಸೆಗೆ ಬಿದ್ದು ನಾವು ಹತ್ತು ಏರಿಸುತ್ತೇವೆ. 1815ರಲ್ಲಿ ಮೆಲ್ಟ್ಸೆಲ್ ಪೇಟೆಂಟ್ ಪಡೆದ ಲೋಲಕದ ಮೆಟ್ರೋನೋಮ್ ವಂಶದ ಪೆಟ್ಟಿಗೆಗಳ ಮೇಲಿರುವ ಅಂಕಿಗಳನ್ನು ನೋಡಿ: 40ರಿಂದ 60ರ ತನಕ ಎರಡೆರಡು, 60ರಿಂದ 72ರ ತನಕ ಮೂರು ಮೂರು, ಅಲ್ಲಿಂದ 120ರ ತನಕ ನಾಲ್ಕು ನಾಲ್ಕು. ಪ್ರತಿ ಹಂತವೂ ಹಿಂದಿನದಕ್ಕಿಂತ ನೂರಕ್ಕೆ ಸುಮಾರು ಮೂರರಿಂದ ಆರರಷ್ಟು ಮಾತ್ರ ಹೆಚ್ಚು. ಕೈಗೆ ತಿಳಿಯುವುದು ಈ ಪ್ರಮಾಣವೇ ಹೊರತು ಅಂಕಿಯಲ್ಲ. 100ರ ಮೇಲೆ ನಾಲ್ಕು ಏರಿಸಿದ್ದು ಗೊತ್ತೇ ಆಗುವುದಿಲ್ಲ, 40ರ ಮೇಲೆ ನಾಲ್ಕು ಏರಿಸಿದರೆ ಹತ್ತರಲ್ಲಿ ಒಂದು ಪಾಲು ಹೆಚ್ಚಾಯಿತು. ಆ ಅಂಕಿಗಳ ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು ಒಂದೊಂದೇ ಹಂತ ಏರಿ.

ಒಂದು ಸಣ್ಣ ಎಚ್ಚರಿಕೆ. ಬಹಳಷ್ಟು ಆ್ಯಪ್‌ಗಳು ತಾವಾಗಿಯೇ ನಾಲ್ಕಕ್ಕೊಂದು ಪೆಟ್ಟನ್ನು ಜೋರಾಗಿ ಹೊಡೆಯುತ್ತವೆ. ಎಂಟು ಅಕ್ಷರದ ಆದಿತಾಳಕ್ಕೆ ಅದರಿಂದ ತೊಂದರೆಯಿಲ್ಲ. ಅಲಂಕಾರಕ್ಕೆ ಬಂದು ಏಳು ಅಕ್ಷರದ ತ್ರಿಪುಟ ಹಿಡಿದರೆ ಆ ಜೋರು ಪೆಟ್ಟು ಪ್ರತಿ ಆವರ್ತಕ್ಕೂ ಬೇರೆ ಬೇರೆ ಕಡೆ ಬಿದ್ದು ತಲೆ ಕೆಡಿಸುತ್ತದೆ. ಒತ್ತಿನ ಪೆಟ್ಟನ್ನು ತೆಗೆದುಹಾಕಿ, ಎಲ್ಲವೂ ಒಂದೇ ಸಮ ಬರುವಂತೆ ಮಾಡಿಕೊಳ್ಳಿ. ಹಾಗೆಯೇ ಫೋನನ್ನು ತೊಂದರೆ ಕೊಡದ ಸ್ಥಿತಿಗೆ ಹಾಕಿ, ಇಲ್ಲದಿದ್ದರೆ ಮನೆಮಂದಿಯ ಗ್ರೂಪಿನ ಶುಭೋದಯದ ಹೂವುಗಳೂ ತಾಳ ಹಾಕತೊಡಗುತ್ತವೆ.

ಹಿಂದಿರುಗಿದ ಅಂಕಿ

ಮೆಟ್ರೋನೋಮ್ ಎಂದರೆ ಮೇಷ್ಟ್ರುಗಳು ಮುಖ ಸಿಂಡರಿಸುತ್ತಾರೆ. ಅದರಲ್ಲಿ ನ್ಯಾಯವಿದೆ. ಯಂತ್ರದ ಜೊತೆಗೇ ನುಡಿಸುತ್ತಿದ್ದರೆ ಕಾಲಪ್ರಮಾಣವನ್ನು ಯಂತ್ರ ಹಿಡಿದಿರುತ್ತದೆ, ನಾವಲ್ಲ. ಅದನ್ನು ನಿಲ್ಲಿಸಿದೊಡನೆ ಓಡುತ್ತೇವೆ. ಹಾಗೆಂದು ಅದನ್ನು ಎಸೆಯಬೇಕಿಲ್ಲ. ತಕ್ಕಡಿಯಂತೆ ಬಳಸಬೇಕು: ಹೊರಡುವಾಗ ಒಮ್ಮೆ, ಬಂದ ಮೇಲೆ ಒಮ್ಮೆ.

ನಾನು ಮಾಡುವುದು ಹೀಗೆ. ಮೊದಲನೇ ಜಂಟಿ ವರಸೆಯನ್ನೇ ತೆಗೆದುಕೊಳ್ಳಿ: ಸಸ ರಿರಿ ಗಗ ಮಮ, ಪಪ ದದ, ನಿನಿ ಸಸ, ಮತ್ತೆ ಅದೇ ದಾರಿಯಲ್ಲಿ ಇಳಿಯುವುದು. ಹತ್ತಲು ಹದಿನಾರು, ಇಳಿಯಲು ಹದಿನಾರು, ಒಟ್ಟು 32 ಸ್ವರ. 60ರಲ್ಲಿ ಮೊದಲ ಕಾಲಕ್ಕೆ 32 ಸೆಕೆಂಡು, ಎರಡನೆಯದಕ್ಕೆ 16, ಮೂರನೆಯದಕ್ಕೆ 8. ಎಂಟು ಪೆಟ್ಟು ಕೇಳಿಸಿಕೊಂಡು ಮೆಟ್ರೋನೋಮ್ ನಿಲ್ಲಿಸಿಬಿಡುತ್ತೇನೆ. ಮೂರೂ ಕಾಲ ನುಡಿಸಿ, ಮತ್ತೆ ಮೊದಲ ಕಾಲಕ್ಕೆ ಬರುತ್ತೇನೆ. ಒಂದೂವರೆ ನಿಮಿಷವೂ ಆಗುವುದಿಲ್ಲ. ಕೊನೆಯ ಸುತ್ತು ಮುಗಿದೊಡನೆ ಅದೇ ನಡೆಯಲ್ಲಿ ಆ್ಯಪ್‌ನ ಮೇಲೆ ಬೆರಳಿನಿಂದ ಎಂಟು ಬಾರಿ ತಟ್ಟಿದರೆ ಅದು ನಮ್ಮ ವೇಗವನ್ನು ಅಂಕಿಯಲ್ಲಿ ಹೇಳುತ್ತದೆ. ಆ್ಯಪ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಹದಿನೈದು ಸೆಕೆಂಡಿನಲ್ಲಿ ಎಷ್ಟು ಅಕ್ಷರ ಎಂದು ಎಣಿಸಿ ನಾಲ್ಕರಿಂದ ಗುಣಿಸಿ, ಅಂದಾಜು ಸಿಗುತ್ತದೆ. ಹೊರಟ ಅಂಕಿ, ಹಿಂದಿರುಗಿದ ಅಂಕಿ ಎರಡನ್ನೂ ಬರೆಯುತ್ತೇನೆ.

ಮೊದಲ ಸಲ ನನ್ನ ಪುಸ್ತಕದಲ್ಲಿ ಬಂದದ್ದು '54, ಹಿಂದಿರುಗಿದಾಗ 61'. ಒಂದೂಮುಕ್ಕಾಲು ನಿಮಿಷದೊಳಗೆ ಎಂಟರಲ್ಲೊಂದು ಪಾಲು ಓಡಿದ್ದೆ, ಮತ್ತು ಓಡಿದ್ದೇ ಗೊತ್ತಾಗಿರಲಿಲ್ಲ. ಮೂರನೇ ಕಾಲದ ಗಾಬರಿಯಲ್ಲಿ ಅಕ್ಷರ ಬಿಗಿಯಾಗುತ್ತದೆ, ಮೊದಲ ಕಾಲಕ್ಕೆ ಬಂದಾಗ ಆ ಗಾಬರಿ ಇಳಿದಿರುವುದಿಲ್ಲ. ವೇಗದ ಗುರಿ ಎಷ್ಟೇ ಇರಲಿ, ಈ ಎರಡು ಅಂಕಿಗಳ ನಡುವೆ ಮೂರಕ್ಕಿಂತ ಹೆಚ್ಚು ಅಂತರವಿದ್ದರೆ ಹಂತ ಏರಿಸಬೇಡಿ. ಇಡೀ ಲೆಕ್ಕದ ಪುಸ್ತಕದಲ್ಲಿ ಒಂದೇ ಕಾಲಂ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಂಡೇನು.

ಇನ್ನು 'ತಪ್ಪಿಲ್ಲದೆ' ಎಂದರೇನು ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ನಾವು ನಮಗೇ ಧಾರಾಳವಾಗಿ ಅಂಕ ಹಾಕಿಕೊಳ್ಳುತ್ತೇವೆ. ಜಂಟಿ ವರಸೆಗೆ ನಾನು ಇಟ್ಟುಕೊಂಡದ್ದು ಮೂರು. ಜೋಡಿಯ ಎರಡನೇ ಸ್ವರ ಮೊದಲನೆಯದಕ್ಕಿಂತ ಸಪ್ಪೆಯಾಗಬಾರದು. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟುವಾಗ ವೇಗ ಹೆಚ್ಚಿದಂತೆ ಎರಡನೇ ಮೀಟು ಸವರಿಕೊಂಡು ಹೋಗಿಬಿಡುತ್ತದೆ. ಯಾವ ಸ್ವರವೂ 'ಜುರ್' ಎನ್ನಬಾರದು. ಮತ್ತು ಕಿರುಬೆರಳು ತಾಳದ ತಂತಿಯನ್ನು ಒಂದು ಸಲವೂ ಬಿಡಬಾರದು. ಕೈ ಕಷ್ಟಕ್ಕೆ ಸಿಕ್ಕಾಗ ಮೊದಲು ಸದ್ದಿಲ್ಲದೆ ಕಳಚಿಕೊಳ್ಳುವುದು ಈ ಕಿರುಬೆರಳೇ. ನುಡಿಸುವಾಗ ಇದು ಗೊತ್ತಾಗುವುದಿಲ್ಲ. ಫೋನಿನಲ್ಲಿ ಒಂದು ನಿಮಿಷ ಧ್ವನಿಮುದ್ರಿಸಿಕೊಂಡು ಸಂಜೆ ಕೇಳಿ. ಆಗ ನುಡಿಸಿದವರು ಬೇರೆ ಯಾರೋ ಎನ್ನುವಷ್ಟು ನಿಷ್ಠುರವಾಗಿ ಕೇಳಲು ಸಾಧ್ಯವಾಗುತ್ತದೆ.

ಈ ಮೂರೂ ಸರಿಯಿದ್ದು ಸತತ ಮೂರು ಸಲ ಬಂದರೆ ಆ ದಿನಕ್ಕೆ ಒಂದು ಸರಿ ಗುರುತು. ಎರಡು ದಿನ ಗುರುತು ಬಿದ್ದರೆ ಒಂದು ಹಂತ ಮೇಲೆ. ಒಂದು ಹಂತದಲ್ಲಿ ನಾಲ್ಕು ದಿನ ಗುರುತು ಬೀಳದಿದ್ದರೆ ಎರಡು ಹಂತ ಕೆಳಗೆ. ಈ ನಿಯಮವನ್ನು ಮನಸ್ಸು ಬಂದಂತೆ ಬದಲಿಸದಿರುವುದೇ ಕಷ್ಟದ ಕೆಲಸ.

ಆರು ವಾರದ ಪುಸ್ತಕ

ನನ್ನ ಪುಸ್ತಕದಿಂದ ಆರು ವಾರಗಳನ್ನು ಇಲ್ಲಿ ಬಿಡಿಸಿಡುತ್ತೇನೆ. ಗುರಿ ಇಟ್ಟುಕೊಂಡದ್ದು ಮೊದಲ ಜಂಟಿ, ಮೂರನೇ ಕಾಲ, 66. ಹೊರಟದ್ದು 46ರಿಂದ.

ಮೊದಲ ವಾರ 180 ನಿಮಿಷ, ಒಂದು ದಿನ ಸೊನ್ನೆ. 46, 48 ದಾಟಿ ಶನಿವಾರಕ್ಕೆ 50. ಭಾನುವಾರದ ಟಿಪ್ಪಣಿಯಲ್ಲಿ ಬರೆದದ್ದು: 'ಹತ್ತುವಾಗ ಸರಿ, ಇಳಿಯುವಾಗ ಎರಡನೇ ಮೀಟು ಸಪ್ಪೆ.' ಎರಡನೇ ವಾರ 54ಕ್ಕೆ ಬಂದೆ. ಓಟದ ಅಂಕಿ 61 ಕಂಡದ್ದು ಆಗಲೇ. ಮೂರನೇ ವಾರ 56, ಓಟ ಸ್ವಲ್ಪ ತಗ್ಗಿತ್ತು. ನಾಲ್ಕನೇ ವಾರ ಪೂರ್ತಿ 56ರಲ್ಲೇ ನಿಂತೆ. ನಿಮಿಷಗಳು ಮಾತ್ರ ಆ ವಾರವೇ ಎಲ್ಲಕ್ಕಿಂತ ಹೆಚ್ಚು, 210. ಬರೀ ನಿಮಿಷದ ಪುಸ್ತಕವಾಗಿದ್ದರೆ ಅದು ನನ್ನ ಅತ್ಯುತ್ತಮ ವಾರ ಎಂದು ತೋರುತ್ತಿತ್ತು.

ಭಾನುವಾರ ಕೂತು ಆ ವಾರದ ದಿನದ ಸಾಲುಗಳನ್ನು ಒಟ್ಟಿಗೆ ಓದಿದೆ. ಸೋಮವಾರ: 'ನಿ ಜುರ್.' ಬುಧವಾರ: 'ನಿ ತಡ.' ಗುರುವಾರ: 'ಮೇಲೆ ಹೋಗುವಾಗ ಎಲ್ಲೋ ಮುಗ್ಗರಿಕೆ.' ಶನಿವಾರ: 'ಮತ್ತೆ ನಿ.' ಒಂದೊಂದು ದಿನ ನೋಡಿದರೆ ಒಂದೊಂದು ತಪ್ಪು. ಒಟ್ಟಿಗೆ ಓದಿದರೆ ಒಂದೇ ತಪ್ಪು. ಆಮೇಲೆ ವೀಣೆಯ ಮೇಲೆ ಬೆರಳಿಟ್ಟು ನೋಡಿದಾಗ ಕಾರಣ ಕಣ್ಣೆದುರಿಗೇ ಇತ್ತು.

ವರಸೆಗಳನ್ನು ನಾವು ಕಲಿಯುವುದು ಮಾಯಾಮಾಳವಗೌಳದಲ್ಲಿ. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬಿರುವ ಕ್ರಮ ಅದು. ಸಾರಣಿ ತಂತಿಯ ಮೇಲೆ ಈ ರಾಗದ ಸ್ವರಗಳು ಎಲ್ಲಿ ಕೂರುತ್ತವೆ ನೋಡಿ. ಸ ಬಿಟ್ಟ ತಂತಿ, ರಿ ಒಂದನೇ ಮೆಟ್ಟಿಲು, ಗ ನಾಲ್ಕನೆಯದು, ಮ ಐದು, ಪ ಏಳು, ದ ಎಂಟು, ನಿ ಹನ್ನೊಂದು, ಮೇಲಿನ ಸ ಹನ್ನೆರಡು. ಹೆಚ್ಚಿನೆಡೆ ಕೈ ಒಂದು ಅಥವಾ ಎರಡು ಮೆಟ್ಟಿಲು ಸರಿಯುತ್ತದೆ. ರಿ ಬಿಟ್ಟು ಗಕ್ಕೆ, ದ ಬಿಟ್ಟು ನಿಗೆ ಹೋಗುವಾಗ ಮಾತ್ರ ಮೂರು ಮೆಟ್ಟಿಲು ಜಿಗಿಯಬೇಕು. ಹಾಡುವವರ ಗಂಟಲಿಗೂ ಆ ಅಂತರ ಇದೆ, ಆದರೆ ವೀಣೆಯಲ್ಲಿ ಅದು ತೋಳು ಚಲಿಸಬೇಕಾದ ದೂರ. ಗಕ್ಕೆ ಜಿಗಿಯುವಾಗ ವರಸೆ ಆಗ ತಾನೇ ಶುರುವಾಗಿರುತ್ತದೆ, ಕೈ ಹಗುರವಾಗಿರುತ್ತದೆ. ನಿಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಬೆರಳು ಹನ್ನೊಂದನೇ ಮೆಟ್ಟಿಲಿನ ಹಿಂದೆ ಒತ್ತಿಕೊಂಡು ಕೂರುವ ಬದಲು ಇನ್ನೂ ಹಿಂದಕ್ಕೆ, ಎರಡು ಮೆಟ್ಟಿಲ ನಡುವೆ ಬಿದ್ದರೆ ತಂತಿ ಸಡಿಲವಾಗಿ ಒತ್ತಲ್ಪಟ್ಟು 'ಜುರ್' ಎನ್ನುತ್ತದೆ. ವಾರವಿಡೀ ನಾನು ಇಡೀ ವರಸೆಯನ್ನು ನೂರಾರು ಸಲ ನುಡಿಸಿದ್ದೆ. ಅದರಲ್ಲಿ ಕಷ್ಟವಿದ್ದದ್ದು ನಾಲ್ಕೇ ಸ್ವರ.

ಆ ರಾತ್ರಿ ಅಲಾರಂನ ಹೆಸರು ಬದಲಾಯಿತು: 'ದದ ನಿನಿ ಮಾತ್ರ, 44, ಹತ್ತು ನಿಮಿಷ'. ಐದನೇ ವಾರ ನಿಯಮದಂತೆ ಎರಡು ಹಂತ ಇಳಿದು 52. ಪ್ರತಿ ದಿನ ಮೊದಲ ಹತ್ತು ನಿಮಿಷ ಬರೀ ಆ ಜಿಗಿತ, ಮೂರನೇ ಕಾಲದಲ್ಲಿ, 44ರ ನಡೆಯಲ್ಲಿ. ಕಣ್ಣು ಮೀಟುವ ಕೈಯ ಮೇಲಲ್ಲ, ಹನ್ನೊಂದನೇ ಮೆಟ್ಟಿಲ ಮೇಲೆ. ಬೆರಳು ಹೊರಡುವ ಮೊದಲೇ ಕಣ್ಣು ಅಲ್ಲಿರಬೇಕು. ಉಳಿದ ಹೊತ್ತು ಎಂದಿನ ಅಭ್ಯಾಸ. ಶನಿವಾರಕ್ಕೆ 56 ಮತ್ತೆ ಬಂತು, ಈ ಸಲ ಹಗುರವಾಗಿ. ನಿಮಿಷ ಎಷ್ಟು ಗೊತ್ತೇ, 130. ಆರನೇ ವಾರ 58, ವಾರಾಂತ್ಯಕ್ಕೆ 60, ಹಿಂದಿರುಗಿದ ಅಂಕಿ 62.

66 ಮುಟ್ಟಲಿಲ್ಲ. ಆರು ವಾರದಲ್ಲಿ ಮುಟ್ಟಬೇಕೆಂದು ಬರೆದದ್ದು ನಾನೇ, ಆಗ ನನಗೆ ಆ ಜಿಗಿತದ ವಿಷಯ ತಿಳಿದಿರಲಿಲ್ಲ. ವೇಗದ ಗುರಿಗೆ ತಾರೀಖು ಹಾಕುವುದನ್ನು ಆಮೇಲೆ ಬಿಟ್ಟೆ. ಹಂತದ ನಿಯಮವೇ ತಾರೀಖನ್ನು ನೋಡಿಕೊಳ್ಳುತ್ತದೆ. ತಾರೀಖು ಹಾಕಿದರೆ ಕೊನೆಯ ವಾರ ನಾವು 'ತಪ್ಪಿಲ್ಲದೆ' ಎಂಬುದರ ಅರ್ಥವನ್ನು ಹಿಗ್ಗಿಸತೊಡಗುತ್ತೇವೆ.

ಪುಸ್ತಕದ ಒಂದು ಸಾಲು

ದಿನದ ಸಾಲು ಇಷ್ಟೇ ಇರಲಿ: 'ಮಂಗಳವಾರ. 25 ನಿ. ಜಂಟಿ 1, 3ನೇ ಕಾಲ, 52. ಹಿಂದಿರುಗಿದಾಗ 55. ನಿ ಒಂದು ಸಲ ಜುರ್. ನಾಳೆ: ದದ ನಿನಿ, 46.' ವೀಣೆಯ ಮೇಲೆ ಬಟ್ಟೆ ಹೊದಿಸುವ ಮೊದಲೇ ಬರೆಯಬೇಕು. ರಾತ್ರಿ ಬರೆಯುತ್ತೇನೆಂದರೆ ನಿ ಮರೆತು ನಿಮಿಷ ಮಾತ್ರ ನೆನಪಿರುತ್ತದೆ. ಎಲ್ಲ ವರಸೆಗಳನ್ನೂ ಬರೆಯಲು ಹೋಗಬೇಡಿ. ಅಂದು ವೇಗಕ್ಕಾಗಿ ಹಿಡಿದ ಒಂದೇ ಒಂದನ್ನು ಬರೆಯಿರಿ, ಉಳಿದದ್ದು ನಿಮಿಷದಲ್ಲಿ ಸೇರಿಹೋಗಲಿ. ಗೀತೆ, ಕೃತಿಗಳಿಗೆ ವೇಗದ ಕಾಲಂ ಬೇಡವೇ ಬೇಡ. ಅಲ್ಲಿ ಗಮಕ ಬರಬೇಕು, ಅದಕ್ಕೆ ಅಂಕಿಯಿಲ್ಲ. ಅಂಕಿ ಕೊಟ್ಟರೆ ಅದು ಕೃತಿಯನ್ನು ಹಾಳುಮಾಡುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಎಕ್ಸೆಲ್ ಹಾಳೆಯಲ್ಲೋ ಆ್ಯಪ್‌ನಲ್ಲೋ ಬರೆಯಬಹುದಲ್ಲ ಎಂದು ಮಗಳು ಕೇಳುತ್ತಾಳೆ. ಮೊತ್ತ ಹಾಕುವುದಷ್ಟೇ ಆದರೆ ಬರೆಯಬಹುದು. ಆದರೆ ಗೆರೆ ಎಳೆದು ಏರುತ್ತಿರುವ ಚಿತ್ರ ತೋರಿಸುವ ಹಾಳೆ ನಮ್ಮನ್ನು ಗೆರೆ ಏರಿಸುವ ಆಸೆಗೆ ನೂಕುತ್ತದೆ. ಇನ್ನೊಂದು, ಮೇಷ್ಟ್ರ ಮುಂದೆ ಇಡಲು ನೋಟ್‌ಬುಕ್ಕೇ ಸಲೀಸು. ಅವರು ಈಗ ಬಂದೊಡನೆ ಭಾನುವಾರದ ಪುಟ ತೆರೆಯುತ್ತಾರೆ, ನಾನು ನುಡಿಸುವ ಮೊದಲೇ ಯಾವ ಕಡೆ ಕಿವಿ ಕೊಡಬೇಕೆಂದು ಅವರಿಗೆ ತಿಳಿದಿರುತ್ತದೆ. ಕೆಲವೊಮ್ಮೆ ನನ್ನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ, 'ಮಣಿಕಟ್ಟು ಕೆಳಗೆ ಬಿಡಿ' ಎಂದು ಬರೆದುಕೊಡುತ್ತಾರೆ. ಆ ವಾರದ ಅಲಾರಂ ಮೇಲೆ ಅದೇ ಇರುತ್ತದೆ.

ಭಾನುವಾರದ ಟಿಪ್ಪಣಿ ಮೂರು ಸಾಲು ದಾಟಬಾರದು. ಒಟ್ಟು ನಿಮಿಷ, ಯಾವ ಹಂತದಿಂದ ಯಾವ ಹಂತಕ್ಕೆ, ವಾರದಲ್ಲಿ ಎರಡು ಸಲವಾದರೂ ಬಂದ ಮಾತು ಯಾವುದು. ಮೂರನೆಯದಕ್ಕಾಗಿಯೇ ಇಡೀ ಪುಸ್ತಕ. ಯಾವ ಮಾತೂ ಎರಡು ಸಲ ಬಂದಿಲ್ಲವೆಂದರೆ ಒಂದೋ ಎಲ್ಲ ಸರಿಯಾಗಿದೆ, ಹಾಗಿದ್ದರೆ ಹಂತ ಏರಿರುತ್ತದೆ. ಇಲ್ಲವೇ ನೀವು ದಿನದ ಸಾಲನ್ನು ಕಾಟಾಚಾರಕ್ಕೆ ಬರೆದಿದ್ದೀರಿ.

ಸೊನ್ನೆಯ ದಿನಗಳ ಬಗ್ಗೆ ಒಂದು ಮಾತು. ಖಾಲಿ ಬಿಡಬೇಡಿ, ಕಾರಣ ಬರೆಯಿರಿ: 'ಊರಿಗೆ', 'ಜ್ವರ', 'ತಂತಿ ತುಂಡಾಯಿತು'. 'ಮನಸ್ಸಿರಲಿಲ್ಲ' ಎಂದಾದರೆ ಅದನ್ನೂ. ವಾರದ ಒಂದೇ ದಿನ ಮತ್ತೆ ಮತ್ತೆ ಖಾಲಿಯಾಗುತ್ತಿದ್ದರೆ ಆ ದಿನದ ಅಲಾರಂ ಹೊತ್ತು ತಪ್ಪಾಗಿದೆ, ಮನಸ್ಸಿನದ್ದೇನೂ ತಪ್ಪಿಲ್ಲ. ನನ್ನ ಬುಧವಾರಗಳು ಹಾಗೇ ಹೋಗುತ್ತಿದ್ದವು. ಅಂದು ನಲ್ಲಿಯಲ್ಲಿ ನೀರು ಬರುವ ಹೊತ್ತು ಬೇರೆ ಎಂಬುದು ಪುಸ್ತಕ ತಿರುವಿ ನೋಡಿದ ಮೇಲೆ ಹೊಳೆಯಿತು.

ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹಿಸಿ ವೀಣೆಯನ್ನು ಪೂಜೆಗಿಟ್ಟ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಆ ದಿನಗಳಿಗೆ ಪುಸ್ತಕದಲ್ಲಿ 'ಪೂಜೆ' ಎಂದು ಬರೆದು, ಅಲಾರಂ ತೆಗೆದಿಡಿ. ಬಾಯಲ್ಲಿ ಸ್ವರ ಹೇಳುತ್ತ ಕೈಯಲ್ಲಿ ತಾಳ ಹಾಕಿ ಮೂರು ಕಾಲ ಮಾಡಬಹುದು, ಹಿಂದಿರುಗಿದ ಅಂಕಿಯನ್ನೂ ನೋಡಬಹುದು, ಅದಕ್ಕೆ ವೀಣೆ ಬೇಕಿಲ್ಲ. ವಿಜಯದಶಮಿಯಂದು ತೆಗೆದಾಗ ಬಿಟ್ಟ ಹಂತದಿಂದ ಶುರುಮಾಡಲು ಹೋಗಬೇಡಿ, ಎರಡು ಹಂತ ಕೆಳಗಿನಿಂದ ಹೊರಡಿ. ನನಗೆ ಕಳೆದ ಸಲ ಬಿಟ್ಟ ಜಾಗಕ್ಕೆ ಮರಳಲು ಐದು ದಿನ ಹಿಡಿಯಿತು.